ಹುಣಸೆ ಮರಕ್ಕೆ ಹೆಜ್ಜೇನು ಕಟ್ಟಿದ ವರ್ಷ

ನಮ್ಮ ಮನೆಯಲ್ಲಿ ಜೇನು ಅಪ್ಪನದು, ಹುಣಸೆ ಅವ್ವನದು. ತಲೆ ತೊಳೆಯುವ ಅಂಟವಾಳ ಮಾತ್ರ ಯಾರದೂ ಅಲ್ಲ, ಹಾಗಾಗಿ ಅದರ ಕೆಲಸವೆಲ್ಲ ನನ್ನ ತಲೆಗೆ. ಶಹಾಪುರದಿಂದ ಸುರಪುರದ ಕಡೆ ಹೋಗುವ ಗುಡ್ಡದ ಬುಡದಲ್ಲಿ ನಮ್ಮ ಮನೆ, ಹಿತ್ತಲು ದಾಟಿದರೆ ಕುರುಚಲು ಕಾಡು. ಅಂಟವಾಳದ ಕಾಯಿ ಆರಿಸಿ ತರಬೇಕು, ಒಳಗಿನ ಬೀಜ ಗಲಗಲ ಅನ್ನುವವರೆಗೆ ಮಾಳಿಗೆಯ ಮೇಲೆ ಒಣಗಿಸಬೇಕು, ಕುಟ್ಟಿ ಕರಿಬೀಜ ತೆಗೆದು ಸಿಪ್ಪೆಯನ್ನು ಚೀಲಕ್ಕೆ ತುಂಬಬೇಕು. ಕುಟ್ಟುವಾಗ ಏಳುವ ಪುಡಿ ಮೂಗಿಗೆ ಹೊಕ್ಕರೆ ಮುಗಿಯಿತು, ಸಂಜೆಯವರೆಗೂ ಸೀನು. ಕಾಲೇಜಿಗೆ ಹೋಗುವ ಮಗಳು ಅಂತ ಯಾರಿಗೂ ಕರುಣೆ ಇರಲಿಲ್ಲ.

ಅವ್ವನ ಹುಣಸೆಯ ದರ್ಬಾರೇ ಬೇರೆ. ಕಾಡಿನಂಚಿನ ದೊಡ್ಡ ಮರವೊಂದನ್ನು ನಮ್ಮ ಮನೆತನದವರೇ ಬಡಿಯುತ್ತ ಬಂದಿದ್ದರು. ಯಾರ ಮರ ಯಾರು ಬಡಿಯಬೇಕು ಅನ್ನುವುದು ಊರಿಗೆಲ್ಲ ಗೊತ್ತು, ಅದಕ್ಕೊಂದು ಜಗಳ ಆದದ್ದು ನಾನು ಕಾಣೆ. ಹಣ್ಣು ಬಡಿದು, ಬಿಸಿಲಿಗೆ ಹಾಕಿ, ಮರದ ಕೊಡತಿಯಿಂದ ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬಿಡಿಸಿ, ಉಪ್ಪು ಸೇರಿಸಿ ಗಡಿಗೆಗೆ ಒತ್ತಿ ತುಂಬಿದರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಹೋಳಿ ಕಳೆದ ಮೇಲೆ ಅವ್ವ ಅದನ್ನು ಶಹಾಪುರದ ಸಂತೆಗೆ ಒಯ್ಯುತ್ತಿದ್ದಳು. ಅಲ್ಲಿ ಗೋಡೆಯ ಮಗ್ಗುಲಿಗೆ ಒಂದು ಗೋಣಿಚೀಲ ಹಾಸುವಷ್ಟು ಜಾಗ ಅವಳದು. ಕಾಗದ ಇಲ್ಲ, ಪತ್ರ ಇಲ್ಲ. ಹಂಗಾಮಿಗೆ ಬಂದು ಕೂತರೆ ನಿಮ್ಮದು, ಕೂರದಿದ್ದರೆ ಮುಂದಿನ ವಾರ ಇನ್ನೊಬ್ಬರದು. ಆ ಜಾಗದ ಮೇಲೆ ಅವ್ವನಿಗೆ ಇದ್ದ ಅಭಿಮಾನ ನಮ್ಮ ಮೇಲೂ ಇರಲಿಲ್ಲ ಅಂತ ನನ್ನ ಅನುಮಾನ.

ಆ ವರ್ಷ ಹಣ್ಣು ಗೊಂಚಲುಗೊಂಚಲಾಗಿ ಬಿಟ್ಟಿತ್ತು. ಬಡಿಯಲು ಹೊರಟ ದಿನ ಅಪ್ಪ ಮರದ ಕೆಳಗೆ ನಿಂತು ಮೇಲೆ ನೋಡಿದವನು ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟ. ಹೊಲದ ಕಡೆ ಚಾಚಿದ ಕೊಂಬೆಗೆ ಮೊರದಗಲ ಹೆಜ್ಜೇನು ಕಟ್ಟಿತ್ತು.

"ಹಿಂದಕ್ಕ ಸರೀರಿ. ಕೋಲು ತಾಗಿದ್ರ ಊರಿಗೂರೇ ಓಡಬೇಕಾಗತದ," ಎಂದ.

"ಹೊಗಿ ಹಾಕಿ ಎಬ್ಬಸ್ರಿ ಮತ್ತ," ಎಂದಳು ಅವ್ವ.

"ಈ ಬಿಸಲಾಗ? ಹುಲ್ಲಿಗೆ ಕಿಡಿ ಬಿದ್ರ ಗುಡ್ಡಾನೇ ಹೊತ್ಕೊಂಡ ಉರಿತದ. ಇನ್ನೂ ತುಪ್ಪ ಕೂಡಿಲ್ಲ, ಬರೀ ಮರಿ ಅವ. ತಡೀಬೇಕು."

"ನಿಮ್ಮ ಜೇನು ತುಪ್ಪ ಕೂಡೋತನಕ ನನ್ನ ಹುಣಸಿ ಮಂಗ್ಯಾ ತಿಂತಾವ. ಯುಗಾದಿ ದಾಟಿದ ಮ್ಯಾಲ ಯಾರಿಗೆ ಬೇಕ್ರಿ ಹುಣಸಿ? ನನ್ನ ಜಾಗಾ ಹೋದ್ರ ನೀವು ಕೊಡಸ್ತೀರೇನು?"

ಅಪ್ಪ ಕೋಲು ಎತ್ತಿಕೊಂಡು ಮನೆಯ ದಾರಿ ಹಿಡಿದ. ಮಾತಾಡದೆ ಇರುವುದೇ ಅಪ್ಪನ ಹಟ. ಮನೆಯಲ್ಲಿ ಎರಡು ವಾರ ಪಾತ್ರೆಗಳದೇ ಸದ್ದು. ಸಾರು ಬಡಿಸುವಾಗ ಅವ್ವ, "ಹುಳಿ ಸಾಲದಿದ್ರ ನಿಮ್ಮ ಜೇನಿಗಿ ಕೇಳ್ರಿ," ಅನ್ನುತ್ತಿದ್ದಳು. ಬೆಳಗಿನ ತಂಪಿನಲ್ಲಿ ಹುಳ ಸುಮ್ಮನಿರುವಾಗ ನಾವಿಬ್ಬರೂ ಕಳ್ಳಿಯರಂತೆ ಹೋಗಿ ಉದುರಿದ ಹಣ್ಣನ್ನು ಆರಿಸಿಕೊಂಡು ಬರುತ್ತಿದ್ದೆವು. ಎಷ್ಟು ಆರಿಸಿದರೂ ಗಡಿಗೆಯ ತಳ ಮುಚ್ಚುತ್ತಿರಲಿಲ್ಲ.

ಆಗ ಬಂದ ನೋಡಿ ನಮ್ಮ ಸೋದರಮಾವ. ಟಂಟಂ ಆಟೋ ಓಡಿಸುತ್ತಾನೆ, ಜೊತೆಗೆ ಹತ್ತಿ ಹೊಲಗಳಿಗೆ ಔಷಧಿ ಹೊಡೆಯುತ್ತಾನೆ, ಎಲ್ಲಕ್ಕೂ ಅವನ ಹತ್ತಿರ ಉಪಾಯ ಉಂಟು.

"ಅಕ್ಕಾ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂಡಿ? ಮನಿ ತುಂಬ ಅಂಟವಾಳ ಅದ. ಸಿಪ್ಪಿ ಕುದಿಸಿ ಸೋಸಿ ಇಡು. ನನ್ನ ಪಂಪಿನ ಕೊಳವಿ ಬಿದಿರಿಗೆ ಕಟ್ಟಿ ಹೊಡಿತೀನಿ. ಅಂಟವಾಳದ ನೀರು ಮೈಗಿ ಹತ್ತಿತಂದ್ರ ಹುಳದ ರೆಕ್ಕಿ ತೊಯ್ದು ಪಟಪಟ ಉದುರತಾವ. ಬೆಂಕಿ ಇಲ್ಲ, ಹೊಗಿ ಇಲ್ಲ."

"ಖರೇ ಏನೋ ತಮ್ಮಾ?"

"ಖರೇ ಅಂದ್ರ ಖರೇ. ನಾಳಿ ಮುಂಜಾನಿ ಬರ್ತೀನಿ, ಭಾವ ಪ್ಯಾಟಿಗಿ ಹೋದಾಗ."

ಮರುದಿನ ಅಪ್ಪ ಪೇಟೆಗೆ ಹೋದ ಕೂಡಲೇ ಅವ್ವ ನನ್ನ ಚೀಲಕ್ಕೇ ಕೈ ಹಾಕಿದಳು. ಸೀನಿಸೀನಿ ಕುಟ್ಟಿದ ಸಿಪ್ಪೆಯೆಲ್ಲ ಹಂಡೆಗೆ! ಕುದಿಸಿ, ಸೋಸಿ, ಆರಲೆಂದು ಅಂಗಳದಲ್ಲಿ ಬಕೆಟ್ಟಿಗೆ ಸುರಿದಿಟ್ಟಳು. ಬೆಳ್ಳಗೆ ನೊರೆ ಎದ್ದಿತು. ಮಾವನ ದಾರಿ ನೋಡುತ್ತ ಕೂತೆವು. ಬಿಸಿಲು ಏರಿತು. ನೀರಿನ ವಾಸನೆ ಹಿಡಿದು ಜೇನುಗಳು ಒಂದೊಂದೇ ಬರತೊಡಗಿದವು. ಬೇಸಿಗೆಯಲ್ಲಿ ನಮ್ಮ ಬಚ್ಚಲಿಗೂ ಬರುತ್ತಿದ್ದವು, ಹೊಸದೇನಲ್ಲ. ಅವುಗಳಲ್ಲೊಂದು ಬಕೆಟ್ಟಿನ ಅಂಚಿಗೆ ಕೂತು, ಜಾರಿ, ನೊರೆಗೆ ಬಿತ್ತು.

ಅವ್ವ ತಟ್ಟನೆ ಕಡ್ಡಿಯೊಂದನ್ನು ಚಾಚಿ ಅದನ್ನು ಎತ್ತಿದಳು. ರೆಕ್ಕೆ ಮೈಗೆ ಅಂಟಿಕೊಂಡಿತ್ತು. ಒಳ್ಳೆಯ ನೀರು ಚಿಮುಕಿಸಿದಳು, ಸೆರಗಿನ ತುದಿಯಿಂದ ಒರೆಸಿದಳು, ನೆರಳಿಗಿಟ್ಟಳು. ಅದು ಕಾಲು ಝಾಡಿಸಿತು, ಸುತ್ತು ಹಾಕಿತು, ಸುಮ್ಮನಾಯಿತು.

"ಏಳ ಏಳ, ಹಾರ," ಎಂದಳು ಅವ್ವ. ಅದು ಏಳಲಿಲ್ಲ.

ಅಷ್ಟರಲ್ಲಿ ಪಂಪು ಬೆನ್ನಿಗೇರಿಸಿಕೊಂಡು ಮಾವ ಬಂದ. "ಎಲ್ಲ ತಯಾರ ಅದ ಏನಕ್ಕಾ?"

"ಏನೂ ಇಲ್ಲ. ನಡಿ ಮನಿಗಿ."

"ಅಯ್ಯ, ನೀನ ಹೇಳಿದ್ದಿ?"

"ಹೇಳಿದ್ದಿಲ್ಲ, ನೀ ಹೇಳಿದ್ದಿ, ನಾ ಕೇಳಿದ್ದೆ. ಮರಿ ಅವ ಅಂತ ಅವರು ಬಡ್ಕೊಂಡ್ರು. ಕೂಸಿಗಿ ಹಾಲು ಕುಡಿಸೂ ಮನಿಗಿ ಹೋಗಿ ಇದನ್ನ ಸುರೂಬೇಕಾ? ಪಂಪ ಇಳಸು. ತಲಿ ಎಣ್ಣಿ ಹಿಡದದ ನಿಂದು, ಕೂಡು ಇಲ್ಲಿ."

ಆ ನೊರೆನೀರಿನಿಂದಲೇ ಮಾವನ ತಲೆ ತಿಕ್ಕಿದಳು, ನನ್ನ ತಲೆ ತಿಕ್ಕಿದಳು, ತನ್ನದನ್ನೂ ತೊಳೆದುಕೊಂಡಳು. ಮಧ್ಯಾಹ್ನ ಅಪ್ಪ ಬಂದಾಗ ಮೂವರೂ ಕೂದಲು ಹರವಿಕೊಂಡು ಕೂತಿದ್ದೆವು. "ಇವತ್ತ ಯಾವ ಹಬ್ಬ?" ಎಂದ. ಅವ್ವ ಅವನನ್ನೂ ಬಚ್ಚಲಿಗೆ ದಬ್ಬಿದಳು.

ಯುಗಾದಿ ಬಂತು, ಹೋಯಿತು. ಸಂತೆಯ ದಿನ ಬಂದರೆ ಅವ್ವ ಬೆಳಿಗ್ಗೆಯಿಂದಲೇ ಸಿಡುಕುತ್ತಿದ್ದಳು. "ಈಗ ಯಾರರೆ ಉಳ್ಳಾಗಡ್ಡಿ ಸುರುವ್ಯಾರ ಅಲ್ಲಿ," ಅನ್ನುತ್ತಿದ್ದಳು.

ಜೇನುಹುಟ್ಟಿನ ಮೇಲ್ತುದಿ ಊದಿ, ಬಿಳಿ ಮೇಣ ಮುಚ್ಚಿಕೊಂಡಾಗ ಅಪ್ಪ ಅಮಾವಾಸ್ಯೆಯ ಕತ್ತಲಲ್ಲಿ ಹತ್ತಿದ. ಕೆಳಗೆ ಹುಲ್ಲು ಕೆತ್ತಿ, ಕೊಡ ನೀರು ಇಟ್ಟುಕೊಂಡು, ಹಸಿ ಎಲೆಯ ಹೊಗೆ ಹಿಡಿದು, ತುಪ್ಪದ ತಲೆಯನ್ನಷ್ಟೇ ಕೊಯ್ದು ಮರಿಯಿದ್ದ ಭಾಗವನ್ನು ಕೊಂಬೆಗೇ ಬಿಟ್ಟ. ಕೊಯ್ದು ತಂದದ್ದನ್ನು ಅವ್ವ ತೆಳುಬಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದಳು. ಹಿಂಡಲಿಲ್ಲ, ಹಿಂಡಿದರೆ ಕಸ ಇಳಿದು ಹುಳಿಯಾಗುತ್ತದೆ. ಹನಿಹನಿಯಾಗಿ ತಾನೇ ಇಳಿದದ್ದು ಕೆಂಪಗೆ ಹೊಳೆಯುತ್ತಿತ್ತು. ಅಪ್ಪ ಯಾವಾಗಲೂ ಜೇನನ್ನು ಒಬ್ಬ ಅಂಗಡಿಯವನಿಗೆ ಒಪ್ಪಿಸಿ ಬರುವವನು. ಈ ಸಲ ಬಾಟಲಿಗಳಿಗೆ ತುಂಬಿ, "ನಡಿ ಸಂತಿಗಿ. ನಿನ್ನ ಹುಣಸಿ ತಡದದ್ದಕ್ಕ ಕೂಡಿದ ತುಪ್ಪ ಇದು, ನೀನೇ ಮಾರು," ಎಂದ.

"ಎಲ್ಲಿ ಕುಂತು ಮಾರ್ಲಿ?" ಎಂದಳು ಅವ್ವ. ಆದರೂ ಇದ್ದಷ್ಟು ಹುಣಸೆ ಗಂಟು ಕಟ್ಟಿಕೊಂಡು ಹೊರಟಳು.

ಸಂತೆಯಲ್ಲಿ ನಾನೂ ಅವ್ವನೂ ಗಾಡಿಯಿಂದ ಗಂಟು ಇಳಿಸಿ ತಲೆಗೇರಿಸುವಷ್ಟರಲ್ಲಿ ಅಪ್ಪ ಬಾಟಲಿಯ ಬುಟ್ಟಿ ಹೊತ್ತು ಮುಂದೆ ಹೋಗಿ, ಗೋಡೆಯ ಮಗ್ಗುಲಿಗೆ ಖಾಲಿ ಕಂಡ ಜಾಗದಲ್ಲಿ ಕೂತಿದ್ದ. ನಾವು ಹತ್ತಿರ ಬಂದಾಗ ಅಲ್ಲೊಂದು ಗದ್ದಲ. ಮಗ್ಗುಲಲ್ಲಿ ಮೆಣಸಿನಕಾಯಿ ಮಾರುವ ಮುದುಕಿ ಅಪ್ಪನನ್ನು ಕೂರಲು ಬಿಡುತ್ತಿರಲಿಲ್ಲ. ಅವನು ಯಾರೆಂದು ಅವಳಿಗೇನು ಗೊತ್ತು? ಅವನೆಂದೂ ಅಲ್ಲಿಗೆ ಬಂದವನಲ್ಲ.

"ಏಳ್ರಿ ಯಪ್ಪಾ, ಏಳ್ರಿ! ಎರಡು ತಿಂಗಳಾತು, ಬಂದೋರನ್ನೆಲ್ಲ ಹಿಂಗೇ ಎಬ್ಬಿಸಿ ಕಳಸೀನಿ. ಇದು ನಮ್ಮ ಹುಣಸಿ ಅಕ್ಕನ ಜಾಗ. ಆಕಿ ಬರತಾಳ."

ಅಪ್ಪ ಬುಟ್ಟಿ ಎತ್ತಿಕೊಂಡು ಎದ್ದು ನಿಂತ. ಅವ್ವ ತಲೆಯ ಮೇಲಿನ ಗಂಟು ಇಳಿಸದೆ ಅಲ್ಲೇ ನಿಂತು ಅತ್ತಳು.