ನಿಂತ ಚುಕ್ಕೆಯೇ ಒಂದು

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಮೇಲೂರಿನ ನಮ್ಮ ಮನೆಯಲ್ಲಿ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡಲು ಕೂತೆ. ಶಾಲೆಯಲ್ಲಿ ಕೊಟ್ಟಿದ್ದ ವರ್ಕ್‌ಶೀಟ್ ಸರಿಯಾಗಿ ಮಾಡಿದವರನ್ನು ಮಾತ್ರ ವಸತಿ ಶಾಲೆ ಪರೀಕ್ಷೆಯ ತರಬೇತಿಗೆ ಕಳಿಸುತ್ತೇನೆ ಎಂದು ಮೇಷ್ಟ್ರು ಹೇಳಿದ್ದರು.

ಹಾಳೆಯಲ್ಲಿ ಒಂದು ಉದ್ದ ಗೆರೆ, ನಡುವೆ ಸೊನ್ನೆ, ಎಡಕ್ಕೆ ಮೈನಸ್ ಅಂಕಿಗಳು, ಒಂದೊಂದು ಅಂಕಿಗೂ ಒಂದು ಚುಕ್ಕೆ. ಮೈನಸ್ ಎರಡರಿಂದ ಮೂರು ಕಳೆಯಬೇಕಿತ್ತು.

“ಕಳೆಯೋದಂದ್ರೆ ಎಡಕ್ಕೆ ಹೋಗ್ಬೇಕು ಅಜ್ಜಿ. ಮೈನಸ್ ಐದು ಬಂತು.”

“ನಿಂತಿರೋ ಚುಕ್ಕೆ ಬಿಟ್ಟು ಎಣಿಸ್ತಾರೇನೇ? ಅದೇ ಒಂದು ಕಣೇ!”

ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ನಾನು ಎಣಿಸುವುದೇ ಹಾಗೆ. ಮೊದಲು ಕೈಯಿಟ್ಟದ್ದು ಒಂದು. ಅವಳು ಐದನ್ನು ಅಳಿಸಿ ಮೈನಸ್ ನಾಲ್ಕು ಎಂದು ಬರೆದಳು. ಉಳಿದ ಲೆಕ್ಕಗಳನ್ನೂ ಹಾಗೆಯೇ ತಿದ್ದಿಸಿದೆ.

ಎಲ್ಲಕ್ಕೂ ಕೆಂಪು ಗೆರೆ ಬಿತ್ತು. ನಾನು ಶಾಲೆಗೆ ಹೋಗಿ ಕೇಳಿದೆ.

“ಇಲ್ಲಿ ಎಣಿಸೋದು ಚುಕ್ಕೆನಲ್ಲಮ್ಮ, ಹೆಜ್ಜೆನ,” ಎಂದರು ಮೇಷ್ಟ್ರು. “ಮೈನಸ್ ಎರಡರಿಂದ ಎಡಕ್ಕೆ ಮೂರು ಹೆಜ್ಜೆ ಇಟ್ರೆ ಮೈನಸ್ ಐದು. ಮೊದ್ಲು ಸರಿಯಾಗೇ ಬರ್ದು ಅಳಿಸವ್ಳೆ. ಆದ್ರೆ ತರಬೇತಿಗೆ ಹೋಗೋರ ಪಟ್ಟಿ ಆಗ್ಲೇ ಕಳಿಸಾಯ್ತು, ಇವಳ ಹೆಸರಿಲ್ಲ.”

ಅಳಿಸಲು ಹೇಳಿದ್ದು ನಾನೇ ಎಂದೆ. ಅದರಿಂದೇನೂ ಆಗಲಿಲ್ಲ.

ಈಗ ಮೊಮ್ಮಗಳು ಲೆಕ್ಕ ಮಾಡುವಾಗ ನಾನು ಹತ್ತಿರ ಹೋದರೆ, ಹಾಳೆಗೆ ಕೈ ಅಡ್ಡ ಇಡುತ್ತಾಳೆ.