ಹೇಳಿದರೆ ಬಲ ಹೋಗುವ ಔಷಧ

ಶಿವಮೊಗ್ಗದಲ್ಲಿ ನನ್ನ ಸ್ತನದ ಕ್ಯಾನ್ಸರಿಗೆ ಕಿಮೋ ನಡೆಯುತ್ತಿದ್ದಾಗ, ಭದ್ರಾವತಿಯ ನಮ್ಮ ಕ್ವಾರ್ಟರ್ಸಿಗೆ ಅತ್ತೆ ಒಂದು ನಾಟಿ ಬೇರಿನ ಪುಡಿಯನ್ನೂ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳನ್ನೂ ತಂದರು. "ಡಾಕ್ಟ್ರಿಗೆ ಹೇಳ್ಬೇಡ ಮಾರಾಯ್ತಿ, ಹೇಳಿದ್ರೆ ಔಷಧದ ಬಲ ಹೋಗುತ್ತೆ" ಎಂದರು.

ಬಾಯಿಬಿಟ್ಟರೆ ಸಾಯುವ ಔಷಧ ನನ್ನನ್ನೇನು ಬದುಕಿಸೀತು? ಮುಂದಿನ ಕಿಮೋಗೆ ಜೊತೆಗೆ ಬಂದಿದ್ದ ಅತ್ತೆಯ ಎದುರೇ ಎರಡನ್ನೂ ಕ್ಯಾನ್ಸರ್ ಡಾಕ್ಟರ ಮೇಜಿನ ಮೇಲಿಟ್ಟೆ.

"ಹೇಳಿದ್ದು ಒಳ್ಳೇದಾಯ್ತಮ್ಮ" ಎಂದರು ಡಾಕ್ಟರು. "ನಿಮ್ಮ ಕಿಮೋ ಆಕ್ಸಿಡೇಶನ್ನಿಂದಲೂ ಗಡ್ಡೆಯ ಜೀವಕೋಶಗಳನ್ನ ಹಾಳು ಮಾಡುತ್ತೆ. ಈ ಮಾತ್ರೆ ಅದನ್ನ ತಡೆದು ಗಡ್ಡೆಗೇ ಕಾವಲಾಗಬಹುದು. ಆ ಬೇರು ರಕ್ತದಲ್ಲಿ ಕಿಮೋ ಔಷಧದ ಪ್ರಮಾಣವನ್ನೇ ಏರಿಳಿಸಬಹುದು. ಸದ್ಯಕ್ಕೆ ಎರಡೂ ಬೇಡ."

ಹೊರಗೆ ಬಂದದ್ದೇ ಅತ್ತೆ ಸಿಡುಕಿದರು: "ಹೇಳೇಬಿಟ್ಯಲ್ಲ!"

"ಹೌದತ್ತೆ, ಇನ್ನೊಂದು ತಂದ್ರೆ ಅದನ್ನೂ ಹೇಳ್ತೀನಿ. ಬಲ ಹೋಗೋದಾದ್ರೆ ಔಷಧದ್ದು ಹೋಗ್ಲಿ, ನಂದಲ್ಲ."