ಸೊನ್ನೆ ಅಂದ ದನಿ

ಅಂಕೋಲೆಯ ದಾದಾನ ಮನೆಯಲ್ಲಿ ಯಾರೂ ಅವನನ್ನು ಒಂದೇ ಸಲ ಕರೆಯುತ್ತಿರಲಿಲ್ಲ. ಚಹಾ ಆಗಿದ್ದರೂ ಮೂರು ಸಲ, ಸ್ನಾನಕ್ಕೆ ನೀರು ಕಾದಿದ್ದರೂ ಮೂರು ಸಲ. ನಮ್ಮ ಕಡೆ ಕತ್ತಲಾದ ಮೇಲೆ ಹೊರಗಿನಿಂದ ಒಂದೇ ಸಲ ಕೂಗಿದ ದನಿಗೆ ಓಗೊಡಬಾರದು ಅಂತ ಹಿರಿಯರು ಹೇಳುತ್ತಾರೆ. ಮನುಷ್ಯರಾದರೆ ಮತ್ತೆ ಕೂಗುತ್ತಾರೆ, ಮತ್ತೊಂದಾದರೆ ಕೂಗುವುದಿಲ್ಲ. ದಾದಾ ಈ ನಿಯಮವನ್ನು ಹಾಡಹಗಲಿಗೂ ತಂದುಬಿಟ್ಟಿದ್ದ. ಹೆಂಡತಿ, ನಾನು ವೈನಿ ಅನ್ನುವವಳು, ಎರಡು ಸಲ ಕರೆದರೂ ಆತ ಜಗಲಿಯಲ್ಲಿ ಹಾಗೇ ಕೂತಿರುತ್ತಿದ್ದ. ಮೂರನೆಯದಕ್ಕೆ ನಿಧಾನ ತಲೆ ಎತ್ತಿ, "ನೀನೇನೇ?" ಅಂತ ಕೇಳುತ್ತಿದ್ದ.

ಅದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹೇಳದೇ ಇರುವುದರಲ್ಲಿ ನಾನು ಬಹಳ ಗಟ್ಟಿಗ.

ದಾದಾ ನನ್ನ ಸ್ವಂತ ಅಣ್ಣನಲ್ಲ. ಕಾರವಾರದ ಒಬ್ಬರು ಗುತ್ತಿಗೆದಾರರ ಹತ್ತಿರ ನಾವಿಬ್ಬರೂ ಸೋಲಾರ್ ಕೆಲಸ ಮಾಡುತ್ತಿದ್ದೆವು. ನನಗಿಂತ ಹತ್ತು ವರ್ಷ ದೊಡ್ಡವನು, ಕೆಲಸ ಕಲಿಸಿದವನು. ಮಾಡಿನ ಮೇಲೆ ಅವನದು ಒಂದೇ ಮಂತ್ರ: "ಬಿಸಿಲು ಇದ್ದಷ್ಟು ಹೊತ್ತು ಪ್ಯಾನೆಲ್ ಸತ್ತದೆ ಅಂತ ತಿಳೀಬೇಡ ಮಾರಾಯಾ. ಸ್ವಿಚ್ ತೆಗೆದ್ರೂ ಅದು ಬದುಕೇ ಇರ್ತದೆ." ಒಂದು ಪ್ಯಾನೆಲಿನದು ಐವತ್ತು ವೋಲ್ಟಿನ ಒಳಗೆ, ಆದರೆ ಹನ್ನೆರಡನ್ನು ಸಾಲಾಗಿ ಜೋಡಿಸಿದರೆ, ಅದಕ್ಕೇ ನಾವು ಸ್ಟ್ರಿಂಗ್ ಅನ್ನುವುದು, ಐನೂರೈವತ್ತು ದಾಟುತ್ತದೆ. ಮನೆಯ ಕರೆಂಟಿಗಿಂತ ಎರಡು ಪಟ್ಟು ಮೇಲೆ, ಅದೂ ಡಿಸಿ. ಎಸಿಯ ಕಿಡಿ ಕ್ಷಣಕ್ಷಣಕ್ಕೂ ಉಸಿರು ಬಿಡುತ್ತದೆ, ಬಿಟ್ಟಾಗ ಆರಿಹೋಗುತ್ತದೆ. ಡಿಸಿಯ ಕಿಡಿಗೆ ಆ ದಾಕ್ಷಿಣ್ಯ ಇಲ್ಲ.

ಮೂರು ಮಳೆಗಾಲದ ಹಿಂದೆ, ಅಂಕೋಲೆಯ ಕಡಲ ಬದಿಯ ಒಂದು ಐಸ್ ಫ್ಯಾಕ್ಟರಿಯ ಶೀಟಿನ ಮಾಡಿನ ಮೇಲೆ ಹತ್ತಿದ್ದೆವು. ಒಂದೇ ಇನ್ವರ್ಟರಿಗೆ ಎರಡು ಸ್ಟ್ರಿಂಗು. ಒಂದರಲ್ಲಿ ಉತ್ಪಾದನೆ ಕಡಿಮೆ ಅಂತ ದೂರು. ಇನ್ವರ್ಟರನ್ನೇ ಪೂರ್ತಿ ನಿಲ್ಲಿಸಿ ಶುರುಮಾಡಬೇಕಿತ್ತು. "ಇನ್ನೊಂದು ನಡೀಲಿ, ಇದೊಂದೇ ತೆಗೆಯುವಾ" ಅಂದ ದಾದಾ. ನಾನೂ ತಲೆ ಆಡಿಸಿದೆ. ನನ್ನ ಕೈಯಲ್ಲಿ ಗುತ್ತಿಗೆದಾರರ ಹಳದಿ ಕ್ಲಾಂಪ್ ಮೀಟರ್ ಇತ್ತು. ಅದರ ಬಾಯಿ ತೆರೆದು ಒಂದು ತಂತಿಯನ್ನು ಒಳಗೆ ಹಿಡಿದರೆ ಸಾಕು, ತಂತಿ ಬಿಚ್ಚದೆಯೇ ಅದರಲ್ಲಿ ಹರಿಯುವ ಕರೆಂಟು ಎಷ್ಟು ಅಂತ ಹೇಳುತ್ತದೆ. ಡಿಸಿಗೆ ಇಟ್ಟು ಹಿಡಿದೆ. ಎಂಟು ಆಂಪಿನ ಮೇಲೆ ಇತ್ತು.

ದಾದಾ ಹೋಗಿ ಆ ಸ್ಟ್ರಿಂಗಿನ ಡಿಸಿ ಸ್ವಿಚ್ಚಿನ ಹಿಡಿ ತಿರುಗಿಸಿದ. ಉಪ್ಪುಗಾಳಿಗೆ ಜಡ್ಡುಗಟ್ಟಿತ್ತು, ಬಹಳ ಹೊತ್ತು ಒದ್ದಾಡಿ ತಿರುಗಿಸಿ ಬಂದ. ಅಷ್ಟರಲ್ಲಿ ಮೀಟರಿನ ಪರದೆ ತಾನಾಗಿ ಆರಿತ್ತು. ಬ್ಯಾಟರಿ ಉಳಿಸಲು ಅದು ಹಾಗೆ ನಿದ್ದೆ ಹೋಗುತ್ತದೆ. ಗುಂಡಿ ಒತ್ತಿ ಎಬ್ಬಿಸಿದೆ. ಬಿಸಿಲಿನಲ್ಲಿ ಕೈ ಅಡ್ಡ ಹಿಡಿದು ನೋಡಿದೆ. 0.0.

"ಸೊನ್ನೆ, ದಾದಾ!" ಅಂತ ಕೂಗಿದೆ.

ದಾದಾ ಕನೆಕ್ಟರಿನ ಕೊಕ್ಕೆ ಒತ್ತಲು ಬಲಗೈಯ ಗ್ಲೌಸ್ ತೆಗೆದು, ಎಳೆದ. ಬಿಳಿ ಬೆಂಕಿ ಎರಡು ತುದಿಗಳ ನಡುವೆ ನಿಂತೇ ಬಿಟ್ಟಿತು, ಆರಲಿಲ್ಲ. ಆ ಸದ್ದು ಬಾಣಲೆಗೆ ಒದ್ದೆ ಮೀನು ಬಿದ್ದಂತಿತ್ತು. ಈಗಲೂ ಮನೆಯಲ್ಲಿ ಮೀನು ಹುರಿಯುವಾಗ ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ.

ಬಲಗೈಯ ಮೂರು ಬೆರಳು ಮಡಚದಂತೆ ಆದವು. ಆಮೇಲೆ ಸ್ವಿಚ್ಚನ್ನು ಬಿಚ್ಚಿ ನೋಡಿದರೆ ಹೊರಗಿನ ಹಿಡಿ ಮಾತ್ರ ತಿರುಗಿತ್ತು, ಒಳಗಿನ ಕಡ್ಡಿ ಮುರಿದು ಸಂಪರ್ಕ ಇದ್ದ ಹಾಗೇ ಇತ್ತು. ಮೀಟರನ್ನೂ ಪರೀಕ್ಷೆ ಮಾಡಿದರು. ಅದು ಸರಿಯಾಗಿಯೇ ಇತ್ತು. ಗುತ್ತಿಗೆದಾರರು ನನ್ನನ್ನು ಕೂರಿಸಿ ಕೇಳಿದರು, "ನೀನು ನೋಡಿ ಹೇಳಿದ್ಯಾ?"

ಮೀಟರ್ ಸರಿ ಇದ್ದರೆ ತಪ್ಪು ಯಾರದು? ನಾನು ಹೆದರಿದೆ. ಸೊನ್ನೆ ನೋಡಿದ್ದು ನಿಜವೋ ಬಿಸಿಲಿನ ಭ್ರಮೆಯೋ ಅಂತ ನನಗೇ ಖಾತ್ರಿ ಇರಲಿಲ್ಲ. "ನಾನಿನ್ನೂ ನೋಡ್ತಾ ಇದ್ದೆ. ಅಷ್ಟರಲ್ಲಿ ಅವನೇ ಎಳೆದ" ಅಂದೆ.

ಆಸ್ಪತ್ರೆಯಲ್ಲಿ ದಾದಾ ಎಲ್ಲರಿಗೂ ಹೇಳುತ್ತಿದ್ದ, "ಸೊನ್ನೆ ಅಂತ ನಂಗೆ ಕೇಳ್ತು." ಯಾರೂ ಹೇಳಿಲ್ಲ ಅಂತ ಎಲ್ಲರೂ ಅವನಿಗೆ ತಿಳಿಸಿ ಹೇಳಿದರು. ಅವನು ನನ್ನ ಮುಖ ನೋಡಿದ. "ನೀ ಹೇಳ್ಲಿಲ್ವಾ?" ನಾನು ಇಲ್ಲ ಅಂದೆ. ನನ್ನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ, ಅದೇ ನನಗೆ ಶಾಪವಾಯಿತು. ತಾನು ಕಲಿಸಿದವನು ಸುಳ್ಳು ಹೇಳುವುದಿಲ್ಲ ಅಂದುಕೊಂಡು, ತನ್ನ ಕಿವಿಯೇ ಸುಳ್ಳು ಅಂತ ಒಪ್ಪಿಕೊಂಡ. ಆ ಮಾಡಿನ ಮೇಲೆ ಏನೋ ಒಂದು ತನ್ನನ್ನು ಕೂಗಿತು ಅಂದ. ಒಂದೇ ಸಲ.

ಮುಂದೆ ಅದೇ ಬೆಳೆಯಿತು. ಮಿಕ್ಸರ್, ಫ್ಯಾನ್ ರಿಪೇರಿಯ ಅಂಗಡಿಯಲ್ಲಿ ಎಡಗೈಯಿಂದ ಕೆಲಸ ಮಾಡಬಹುದಿತ್ತು, ಗಿರಾಕಿ ಹೇಳಿದ್ದು ನಿಜವಾಗಿ ಹೇಳಿದ್ದೋ ಅಲ್ಲವೋ ಅಂತ ಮೂರು ಮೂರು ಸಲ ಕೇಳಿ ಅವರನ್ನೇ ಓಡಿಸಿದ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದರೂ ಸರಿಯುತ್ತಿರಲಿಲ್ಲ. ನಾನು ತಿಂಗಳಿಗೊಮ್ಮೆ ಹೋಗಿ ಕೂತು ಬರುತ್ತಿದ್ದೆ. ಕೈಯಲ್ಲಿ ಹಣ್ಣು, ಬಾಯಲ್ಲಿ ಬೀಗ. ಹೋದ ಸಲ ವೈನಿ ಗೇಟಿನ ತನಕ ಬಂದು, "ಒಬ್ಬರನ್ನೇ ಬಿಡೂಕೆ ಹೆದ್ರಿಕೆ ಆಗ್ತದೆ ತಮಾ. ಡಾಕ್ಟ್ರು ದೊಡ್ಡ ಆಸ್ಪತ್ರೆಗೆ ಸೇರಿಸೂಕೆ ಹೇಳೀರು" ಅಂದಳು. ಅದು ತಲೆ ಕೆಟ್ಟವರ ಆಸ್ಪತ್ರೆ ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಅದಾದ ಹದಿನೈದು ದಿನಕ್ಕೆ ಕಾರವಾರದ ಹಬ್ಬುವಾಡದ ಒಂದು ಮನೆಯ ತಾರಸಿಯಲ್ಲಿ ನನ್ನ ಕೆಲಸ ಇತ್ತು. ನಾನು ಡಯಲಿನಲ್ಲೇ ಡಿಸಿಗೆ ಬೇರೆ ಜಾಗ ಇರುವ ಸ್ವಂತ ಕ್ಲಾಂಪ್ ತೆಗೆದುಕೊಂಡಿದ್ದೆ. ಅವತ್ತು ಅದು ಕೆಟ್ಟಿತ್ತು. ಆಫೀಸಿನ ಪೆಟ್ಟಿಗೆಯಲ್ಲಿ ಉಳಿದದ್ದು ಆ ಹಳದಿಯದು ಮಾತ್ರ. ಮೂರು ವರ್ಷದಲ್ಲಿ ನಾನು ಅದನ್ನು ಮುಟ್ಟಿರಲಿಲ್ಲ. ಮಡಿವಂತರು ಮೈಲಿಗೆಯನ್ನು ಎತ್ತಿದ ಹಾಗೆ ಎತ್ತಿಕೊಂಡು ಹೋದೆ.

ಇನ್ವರ್ಟರ್ ನಡೆಯುತ್ತಿರುವಾಗಲೇ ಮೊದಲು ಕರೆಂಟು ನೋಡಬೇಕು. ಡಯಲ್ ಆಂಪಿಗೆ ತಿರುಗಿಸಿ, ಗುಂಡಿ ಒತ್ತಿ ಡಿಸಿಗೆ ತಂದೆ. ತಂತಿಯಿಂದ ದೂರ ಹಿಡಿದು ಸೊನ್ನೆ ಮಾಡಿಕೊಂಡೆ. ಆಮೇಲೆ ಒಂದೇ ತಂತಿಯನ್ನು ಬಾಯಿಯೊಳಗೆ ತೆಗೆದುಕೊಂಡೆ. ಹೋಗುವುದು ಬರುವುದು ಎರಡನ್ನೂ ಹಿಡಿದರೆ ಒಂದನ್ನೊಂದು ಕಳೆದುಕೊಂಡು ಏನೂ ಕಾಣುವುದಿಲ್ಲ. 8.4 ಆಂಪ್. ಬರೆದುಕೊಂಡೆ.

ಮನೆಯ ಯಜಮಾನರು ಕೋಕಂ ಶರಬತ್ತು ತಂದರು. ಜೊತೆಗೆ ಮಾತನ್ನೂ ತಂದರು. ಲೋಟ ಖಾಲಿಯಾಗುವ ಹೊತ್ತಿಗೆ ತಂತಿಯಲ್ಲೇ ನೇತಾಡುತ್ತಿದ್ದ ಮೀಟರ್ ನಿದ್ದೆ ಹೋಗಿತ್ತು. ಗುಂಡಿ ಒತ್ತಿದೆ. 0.0.

ಇನ್ನೂ ಒಂದು ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ಮೇಲೆ ನೆತ್ತಿ ಸುಡುವ ಬಿಸಿಲು, ಇನ್ವರ್ಟರ್ ಗುಂಯ್ ಅನ್ನುತ್ತಿದೆ, ತಂತಿ ತುಂಬಿ ಹರಿಯುತ್ತಿದೆ, ಮೀಟರ್ ಮಾತ್ರ ಸೊನ್ನೆ ಅನ್ನುತ್ತಿದೆ. ಅಂಗಿಯ ಅಂಚನ್ನು ಬಿಸಿಲಿಗೆ ಮರೆ ಹಿಡಿದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಅಂಕೆಯ ಪಕ್ಕದಲ್ಲಿ ಸಣ್ಣದೊಂದು ಅಲೆಯ ಗುರುತು. ಎಸಿ. ಮತ್ತೆ ಗುಂಡಿ ಒತ್ತಿ ಡಿಸಿಗೆ ತಂದೆ. 8.4.

ನಿದ್ದೆಯಿಂದ ಎದ್ದಾಗಲೆಲ್ಲ ಅದು ಎಸಿಗೇ ಮರಳುತ್ತಿತ್ತು. ಇಷ್ಟೇ. ಮೀಟರ್ ಸುಳ್ಳು ಹೇಳಿರಲಿಲ್ಲ. ಈ ತಂತಿಯಲ್ಲಿ ಎಸಿ ಇದೆಯಾ ಅಂತ ನಾನು ಕೇಳಿದ್ದೆ, ಇಲ್ಲ ಅಂದಿತ್ತು. ನಾನು ಅವತ್ತು ಸೊನ್ನೆ ನೋಡಿದ್ದು ನಿಜ, ಕೂಗಿದ್ದು ನಿಜ, ದಾದಾ ಕೇಳಿದ್ದೂ ನಿಜ. ಸುಳ್ಳು ಹೇಳಿದ್ದು ಒಬ್ಬನೇ.

ಆದರೂ ಕೆಲಸ ಬಿಟ್ಟು ಓಡಲಿಲ್ಲ. ಮೊದಲು ಎಸಿ ಬ್ರೇಕರ್ ತೆಗೆದು ಇನ್ವರ್ಟರ್ ನಿಲ್ಲಿಸಿದೆ, ಆಮೇಲೆ ಡಿಸಿ ಸ್ವಿಚ್ಚು. ಕ್ಲಾಂಪನ್ನು ತೆಗೆದು, ಡಿಸಿಯ ಗುರುತು ನೋಡಿ, ಮತ್ತೆ ಸೊನ್ನೆ ಮಾಡಿ ಹಿಡಿದೆ. ಈಗಿನ ಸೊನ್ನೆ ನಿಜವಾದ ಸೊನ್ನೆ. ಎರಡೂ ಕೈಗೆ ಗ್ಲೌಸ್ ಹಾಕಿಕೊಂಡೇ ಕನೆಕ್ಟರ್ ಬಿಚ್ಚಿದೆ. ಸಾವಿರ ವೋಲ್ಟ್ ತಾಳುವ ಮಲ್ಟಿಮೀಟರಿನ ಕೆಂಪು ತಂತಿ ವೋಲ್ಟಿನ ತೂತಿನಲ್ಲೇ ಇದೆಯಾ ಅಂತ ಎರಡು ಸಲ ನೋಡಿದೆ. ಆಂಪಿನ ತೂತಿನಲ್ಲಿದ್ದರೆ ಇಡೀ ಸ್ಟ್ರಿಂಗೇ ಮೀಟರಿನೊಳಗೆ ಶಾರ್ಟ್ ಆಗುತ್ತದೆ. ಒಂದು ಬ್ಯಾಟರಿಗೆ ಹಿಡಿದು ಮೀಟರ್ ಬದುಕಿದೆ ಅಂತ ಖಾತ್ರಿ ಮಾಡಿಕೊಂಡು, ಸ್ಟ್ರಿಂಗಿನ ಎರಡು ತುದಿಗೆ ಹಿಡಿದೆ. 561 ವೋಲ್ಟ್. ಕಾದ ಪ್ಯಾನೆಲುಗಳಿಗೆ ಸರಿಯಾದ ಲೆಕ್ಕ. ಮತ್ತೆ ಬ್ಯಾಟರಿಗೆ ಹಿಡಿದು ನೋಡಿದೆ. ಎಲ್ಲ ಜೋಡಿಸಿ, ನಡೆಸಿ, ಕೆಳಗಿಳಿದು ಅಂಕೋಲೆಯ ಬಸ್ ಹಿಡಿದೆ.

ದಾದಾ ಜಗಲಿಯಲ್ಲೇ ಇದ್ದ. ನಾನು ಕೂರಲಿಲ್ಲ. ಮೀಟರಿನ ನಿದ್ದೆ, ಅಲೆಯ ಗುರುತು, ಗುತ್ತಿಗೆದಾರರ ಮುಂದೆ ನಾನು ಆಡಿದ ಮಾತು, ಆಸ್ಪತ್ರೆಯಲ್ಲಿ ಆಡಿದ ಮಾತು, ಎಲ್ಲ ಒಂದೇ ಉಸಿರಿಗೆ ಹೇಳಿದೆ. "ಆ ಮಾಡಿನ ಮೇಲೆ ಮತ್ತೇನೂ ಇರಲಿಲ್ಲ ದಾದಾ. ಸೊನ್ನೆ ಅಂದವನು ನಾನೇ."

ಹೊಡೆಯಲಿ ಅಂತ ನಾನು ಆಸೆಪಟ್ಟೆ. ಅವನು, "ಒಂದ್ಸಲ ಹೇಳು" ಅಂದ. "ಅವತ್ತು ಹೇಳಿದ ಹಂಗೇ."

"ಸೊನ್ನೆ, ದಾದಾ" ಅಂದೆ.

"ಇಷ್ಟು ಮೆತ್ತಗಲ್ಲ. ಅವತ್ತು ಗಾಳಿ ಇತ್ತು."

ಕೂಗಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ದಾದಾ ಕಣ್ಣು ಮುಚ್ಚಿ ಕೇಳಿದ. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. "ಇದೇ" ಅಂದ. "ಇದೇ ದನಿ." ಆಮೇಲೆ ಒಳಗೆ ತಿರುಗಿ, "ಏ, ಕೇಳ್ತಾ ನಿಂಗೆ? ಇದು ಇವಂದೇ. ನಂಗೆ ಏನೂ ಆಗಿಲ್ಲ" ಅಂದ.

ವೈನಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ಗಂಡನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಭ್ರಮೆಗೆ ಅಂತ ಮಾತ್ರೆ ಕೊಟ್ಟೀರು ತಮಾ" ಅಂದಳು. "ಇವ್ರು ಬೇಡ ಬೇಡ ಅಂತಿದ್ರು. ಬಾಯಿ ಒತ್ತಿ ಹಿಡಿದು ನಾನೇ ನುಂಗಿಸ್ತಿದ್ದೆ."